ಟೆಂಡರ್‌ ಹಾಕುವಾಗ ಒಂಟಿ, ಜಾಹೀರಾತಿನಲ್ಲಿ ಕುಟುಂಬ

ಸ್ವಲ್ಪ ಉದ್ದ ಬರೀತಿದ್ದೀನಿ, ಬಂಗಾರಪೇಟೆಯಿಂದ ಬೆಂಗಳೂರಿಗೆ ಟ್ರೈನಲ್ಲಿ ಹೋಗೋವ್ರು ಓದ್ಕೊಂಡು ಹೋಗಿ.

ಮೊನ್ನೆ ನಮ್ಮ ಹುಡುಗರ ಗುಂಪಿನಲ್ಲಿ ಒಂದು ವಾದ ಆಯ್ತು. ಒಂದು ಸರ್ಕಾರಿ ಉದ್ಯಮದ ಲಾರಿ ಸಾಗಣೆ ಟೆಂಡರು. ಸಣ್ಣ ಉದ್ಯಮ ಅನ್ನೋ ರಿಯಾಯಿತಿ ಪಡೆದು ಒಂದು ಕಂಪನಿ ಅದನ್ನ ಗೆದ್ದಿತ್ತು. ನಮ್ಮ ಕಡೆಯ ಒಬ್ಬ ಲಾರಿ ಮಾಲೀಕ, ನಾಲ್ಕು ಲಾರಿ ಇಟ್ಕೊಂಡಿರೋವ್ನು, ಸೋತಿದ್ದ. ಗುಂಪಿನಲ್ಲಿ ಒಬ್ಬ ಹುಡುಗ, ಬಿ.ಕಾಂ ಓದಿದವನು, ಹೇಳ್ದ: "ಅಣ್ಣಾ, ಅವರದ್ದೂ ಸಣ್ಣ ಕಂಪನಿನೇ. ಬ್ಯಾಲೆನ್ಸ್ ಶೀಟ್ ನೋಡ್ದೆ, ಟರ್ನೋವರ್ 40 ಕೋಟಿ ಅಷ್ಟೇ. ಕಾನೂನು ಪ್ರಕಾರ ಸರಿಯಾಗಿದೆ." ಅವನು ಹೇಳಿದ್ದು ಸುಳ್ಳಲ್ಲ. ಕಾನೂನು ಪ್ರಕಾರ ಸರಿಯಾಗೇ ಇದೆ. ನನ್ನ ಜಗಳ ಇರೋದು ಅಲ್ಲೇ.

ನಾನು ನಂದಿದುರ್ಗ ಮೈನ್ಸಿನ ಲೈನ್ ಮನೆಯಲ್ಲಿ ಹುಟ್ಟಿದವನು. ನಮ್ಮ ತಾತ ಯಾವ ಕೆಲಸ ಅಂತ ಯಾರಾದ್ರೂ ಕೇಳಿದ್ರೆ "ನಂದಿದುರ್ಗ ಕಂಪನಿ" ಅಂತಿದ್ರು. ಅವರ ಷಡ್ಡಕ "ಚಾಂಪಿಯನ್ ರೀಫ್ ಕಂಪನಿ". ಇಬ್ಬರ ಮನೆಗೂ ನಡೆದು ಹೋಗೋ ದೂರ. ಚಿಕ್ಕವನಿದ್ದಾಗ ನನಗಿದು ಅರ್ಥ ಆಗ್ತಿರ್ಲಿಲ್ಲ, ಚಿನ್ನದ ಗಣಿ ಒಂದೇ ಅಲ್ವಾ, ಕಂಪನಿ ಯಾಕೆ ಬೇರೆ ಬೇರೆ ಅಂತ. ಆಮೇಲೆ ಓದಿಕೊಂಡೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್, ಒಂದೊಂದೂ ಬ್ರಿಟನ್ನಿನಲ್ಲಿ ರಿಜಿಸ್ಟರ್ ಆದ ಬೇರೆ ಕಂಪನಿ. ಒಂದೊಂದಕ್ಕೂ ಅದರದ್ದೇ ಷೇರು, ಅದರದ್ದೇ ಲೆಕ್ಕದ ಪುಸ್ತಕ, ಅದರದ್ದೇ ಡಿವಿಡೆಂಡು. ಆದ್ರೆ ನಡೆಸ್ತಿದ್ದಿದ್ದು ಒಂದೇ ಮನೆತನ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು ಗಣಿಗಳಿಗೆಲ್ಲ ಒಂದೇ. ಬೇತಮಂಗಲದ ನೀರು ಒಂದೇ. ಚಿನ್ನದ ರೀಫ್ ಅಂತೂ ನೆಲದೊಳಗೆ ಕಂಪನಿ ಗಡಿ ನೋಡ್ಕೊಂಡು ಹರಿಯಲ್ಲ.

ಈಗ ಕೇಳಿ. ನಂದಿದುರ್ಗ ಸಣ್ಣ ಕಂಪನಿನೋ ದೊಡ್ಡದೋ? ನಂದಿದುರ್ಗದ ಪುಸ್ತಕ ಮಾತ್ರ ತೆಗೆದ್ರೆ ಒಂದು ಉತ್ತರ. ಟೇಲರ್ ಮನೆತನ ನಡೆಸಿದ ಎಲ್ಲ ಗಣಿಗಳನ್ನೂ ಒಂದು ಪುಸ್ತಕದಲ್ಲಿ ಬರೆದಿದ್ರೆ ಇನ್ನೊಂದು ಉತ್ತರ. ಆದ್ರೆ ಆ ಎರಡನೇ ಪುಸ್ತಕ ಬರೀಬೇಕು ಅಂತ ಆಗ ಕಾನೂನೇ ಇರ್ಲಿಲ್ಲ. ಬ್ರಿಟನ್ನಿನಲ್ಲಿ ಗ್ರೂಪಿನ ಲೆಕ್ಕ ಕೊಡಬೇಕು ಅಂತ ಕಾನೂನು ಆಗಿದ್ದೇ 1948ರ ಕಂಪನಿ ಕಾಯ್ದೆ ಹೊತ್ತಿಗೆ. ಅದೂ ಒಂದು ಕಂಪನಿ ಇನ್ನೊಂದರ ಷೇರು ಹಿಡಿದಿದ್ರೆ ಮಾತ್ರ. ಮ್ಯಾನೇಜಿಂಗ್ ಏಜೆಂಟ್ ಆಗಿ ಹತ್ತು ಕಂಪನಿ ನಡೆಸೋ ಮನೆತನಕ್ಕೆ ಅನ್ವಯಿಸಲ್ಲ. ಹಂಗಾಗಿ ನಮ್ಮ ತಾತನ ಮಾಲೀಕ ಎಷ್ಟು ದೊಡ್ಡವನು ಅನ್ನೋ ಪ್ರಶ್ನೆಗೆ ಉತ್ತರ ಇರೋ ಕಾಗದ ಭೂಮಿ ಮೇಲೆ ಎಲ್ಲೂ ಇರ್ಲಿಲ್ಲ. ನಮ್ಮ ದೇಶದಲ್ಲಿ ಅಧೀನ ಕಂಪನಿ ಇರೋ ಪ್ರತಿ ಕಂಪನಿನೂ ಕೂಡು ಲೆಕ್ಕ ಕೊಡಬೇಕು ಅಂತ ಆಗಿದ್ದು ಇನ್ನೂ ತಡ, 2013ರ ಕಂಪನಿ ಕಾಯ್ದೆಯ 129ನೇ ಸೆಕ್ಷನ್ ಬಂದ ಮೇಲೆ. ಅದಕ್ಕೂ ಮುಂಚೆ ಷೇರು ಮಾರುಕಟ್ಟೆಯಲ್ಲಿರೋ ಕಂಪನಿಗಳಿಗೆ ಮಾತ್ರ ಆ ಕಟ್ಟುಪಾಡಿತ್ತು.

ಪದ ಎರಡು ತಿಳ್ಕೊಳ್ಳಿ ಸಾಕು. ಸ್ಟ್ಯಾಂಡ್‌ಅಲೋನ್ ಅಂದ್ರೆ ಒಂಟಿ ಲೆಕ್ಕ, ಆ ಒಂದು ಕಂಪನಿಯದ್ದು ಮಾತ್ರ. ಕನ್ಸಾಲಿಡೇಟೆಡ್ ಅಂದ್ರೆ ಕೂಡು ಲೆಕ್ಕ, ತಾಯಿ ಕಂಪನಿ ಮತ್ತು ಅದರ ಹಿಡಿತದಲ್ಲಿರೋ ಎಲ್ಲ ಮರಿ ಕಂಪನಿಗಳನ್ನ ಒಂದೇ ಕಂಪನಿ ಅಂತ ಅಂದ್ಕೊಂಡು ಬರೆದದ್ದು. ಕೂಡು ಅಂದ್ರೆ ಸುಮ್ನೆ ಕೂಡಿಸೋದಲ್ಲ. ಇದನ್ನ ನಾನು ಅವಮಾನ ಆಗಿ ಕಲಿತಿದ್ದು, ಅದನ್ನೂ ಹೇಳಿಬಿಡ್ತೀನಿ.

ಕೆಲವು ವರ್ಷದ ಹಿಂದೆ ಒಂದು ಧರಣಿಯಲ್ಲಿ ಮೈಕ್ ಹಿಡಿದು ಒಂದು ಕಂಟ್ರಾಕ್ಟರ್ ಕುಟುಂಬದ ಬಗ್ಗೆ ಮಾತಾಡಿದ್ದೆ. ಅವರ ಮೂರು ಕಂಪನಿಯ ಟರ್ನೋವರನ್ನ ಮೊಬೈಲ್ ಕ್ಯಾಲ್ಕುಲೇಟರಲ್ಲಿ ಕೂಡಿಸಿ, ಇಷ್ಟು ಕೋಟಿಯ ಕುಳ ಇವರು ಅಂತ ಕೂಗ್ದೆ. ಚಪ್ಪಾಳೆ ಬಿತ್ತು. ಮಾರನೇ ದಿನ ಮನವಿ ಕೊಡೋಕೆ ಒಳಗೆ ಹೋದ್ರೆ ಅವರ ಲೆಕ್ಕಪರಿಶೋಧಕರು ಅಧಿಕಾರಿ ಪಕ್ಕದಲ್ಲೇ ಕೂತಿದ್ರು. ನಗ್ತಾ ಒಂದೇ ಮಾತು ಕೇಳಿದ್ರು: "ಸಾರ್, ಒಂದೇ ಜಲ್ಲಿಯನ್ನ ಮೂರು ಸಲ ಎಣಿಸಿದ್ದೀರಲ್ಲ?" ನನಗೆ ಉತ್ತರ ಇರ್ಲಿಲ್ಲ. ನಮ್ಮ ಇಡೀ ಮನವಿ ಆ ಒಂದು ತಪ್ಪಿನ ಮೇಲೆ ಬಿದ್ದುಹೋಯ್ತು.

ಏನು ತಪ್ಪು ಅಂತ ಅಂಕಿ ಇಟ್ಕೊಂಡೇ ನೋಡೋಣ. ಹೆಸರು ಹಾಕಲ್ಲ, ಅಂಕಿಗಳನ್ನೂ ದುಂಡಗೆ ಬದಲಾಯಿಸಿದ್ದೀನಿ. ಕಂಪನಿ 'ಎ' ರಸ್ತೆ ಕಂಟ್ರಾಕ್ಟು ಮಾಡುತ್ತೆ, ವರ್ಷಕ್ಕೆ 180 ಕೋಟಿ ಬಿಲ್ಲು. ಕಂಪನಿ 'ಬಿ'ದು ಕ್ರಷರು, ಜಲ್ಲಿ ಎಂ-ಸ್ಯಾಂಡ್ ಮಾರುತ್ತೆ, 60 ಕೋಟಿ. ಕಂಪನಿ 'ಸಿ' ಲಾರಿ ಸಾಗಣೆ, 40 ಕೋಟಿ. ನಾನು ಮೈಕಲ್ಲಿ ಕೂಗಿದ್ದು ಇದನ್ನ ಕೂಡಿಸಿ 280 ಕೋಟಿ ಅಂತ.

ಆದ್ರೆ ಬಿ ಮಾರಿದ 60 ಕೋಟಿ ಜಲ್ಲಿಯಲ್ಲಿ 45 ಕೋಟಿಯದ್ದು ಹೋಗಿದ್ದು ಎ ಕಂಪನಿಗೇ. ಎ ಆ ಜಲ್ಲಿನ ರಸ್ತೆಗೆ ಹಾಕಿ, ಅದರ ಬೆಲೆನೂ ಸೇರಿಸಿ ಸರ್ಕಾರಕ್ಕೆ ಬಿಲ್ಲು ಮಾಡಿದೆ. ಅಂದ್ರೆ ಆ 45 ಕೋಟಿ ಆಗಲೇ 180ರ ಒಳಗಿದೆ. ಹಂಗೇ ಸಿ ಕಂಪನಿಯ 40 ಕೋಟಿ ಬಾಡಿಗೆಯಲ್ಲಿ 20 ಕೋಟಿ ಎ ಕೊಟ್ಟಿದ್ದು, 10 ಕೋಟಿ ಬಿ ಕೊಟ್ಟಿದ್ದು. ಮನೆ ಒಳಗೆ ಅಣ್ಣ ತಮ್ಮನಿಗೆ ದುಡ್ಡು ಕೊಟ್ರೆ ಮನೆ ಆದಾಯ ಹೆಚ್ಚಾಗಲ್ಲ ಅಲ್ವಾ? ಅದಕ್ಕೇ ಕೂಡು ಲೆಕ್ಕದಲ್ಲಿ ಮೊದಲು ಎಲ್ಲ ಸೇರಿಸಿ, ಆಮೇಲೆ ಒಳಗೊಳಗಿನ ಮಾರಾಟ ಎಲ್ಲ ಕಳೀತಾರೆ. 280ರಲ್ಲಿ 45 ಕಳೆದು, 30 ಕಳೆದ್ರೆ ಉಳಿಯೋದು 205 ಕೋಟಿ. ಹೊರಗಿನ ಜನರಿಂದ ಈ ಮನೆಗೆ ನಿಜವಾಗಿ ಬಂದ ದುಡ್ಡು ಅದು. ಗ್ರೂಪಿನ ಟರ್ನೋವರ್ ಅಂದ್ರೆ ಅದೇ.

ಇದರ ನಿಜವಾದ ಉದಾಹರಣೆ ನಮ್ಮೂರಲ್ಲೇ ಇದೆ. ಬೆಮೆಲ್‌ಗೆ ತರೀಕೆರೆಯಲ್ಲಿ ವಿಜ್ಞಾನ್ ಇಂಡಸ್ಟ್ರೀಸ್ ಅಂತ ಒಂದು ಅಧೀನ ಕಂಪನಿ ಇತ್ತು, ಉಕ್ಕಿನ ಎರಕದ ಭಾಗಗಳನ್ನ ಮಾಡೋದು. ಅದರ ಮಾಲು ಬಹುಪಾಲು ಹೋಗ್ತಿದ್ದಿದ್ದು ಬೆಮೆಲ್‌ಗೇ. ಹಂಗಾಗಿ ಬೆಮೆಲ್‌ನ ಒಂಟಿ ಟರ್ನೋವರ್‌ಗೂ ಕೂಡು ಟರ್ನೋವರ್‌ಗೂ ಹೇಳ್ಕೊಳ್ಳುವಂಥ ವ್ಯತ್ಯಾಸನೇ ಕಾಣ್ತಿರ್ಲಿಲ್ಲ. ಎರಡು ಅಂಕಿ ಹತ್ತಿರ ಇದ್ರೆ ಒಂದೋ ಮರಿ ಕಂಪನಿಗಳು ಸಣ್ಣವು, ಇಲ್ಲಾ ಮರಿಗಳು ತಾಯಿಗೇ ದುಡೀತಿವೆ. ಎರಡರ ನಡುವೆ ದೊಡ್ಡ ಕಂದಕ ಇದ್ರೆ ಆಗ ಮರಿಗಳು ಹೊರಗಿನ ಮಾರುಕಟ್ಟೆಯಲ್ಲಿ ಬೇರೆ ಹೆಸರಲ್ಲಿ ದೊಡ್ಡ ವ್ಯಾಪಾರ ಮಾಡ್ತಿವೆ ಅಂತ ಅರ್ಥ. ಕಣ್ಣು ಇಡಬೇಕಾದ್ದು ಆ ಕಂದಕದ ಮೇಲೆ.

ಈಗ ಟೆಂಡರಿಗೆ ಬರ್ತೀನಿ.

ಕೇಂದ್ರ ಸರ್ಕಾರಿ ಉದ್ಯಮಗಳು ತಮ್ಮ ಖರೀದಿಯಲ್ಲಿ 25 ಪರ್ಸೆಂಟನ್ನ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು, ಅದರೊಳಗೆ 4 ಪರ್ಸೆಂಟ್ ಎಸ್ಸಿ ಎಸ್ಟಿ ಮಾಲೀಕತ್ವದ ಉದ್ಯಮಗಳಿಂದ. ಇದು 2012ರ ಖರೀದಿ ನೀತಿ. ಠೇವಣಿ ಕಟ್ಟೋದು ಬೇಡ. ಕಮ್ಮಿ ದರ ಹಾಕಿದವನಿಗಿಂತ 15 ಪರ್ಸೆಂಟ್ ಒಳಗೆ ದರ ಹಾಕಿದ್ರೆ ಆ ಕಮ್ಮಿ ದರಕ್ಕೆ ಇಳಿದು ಒಂದು ಪಾಲು ಪಡೀಬಹುದು. ನಮ್ಮ ಜನ ಹೋರಾಡಿ ಪಡೆದದ್ದು ಇದು. ಈ ಬಾಗಿಲು ದಾಟೋಕೆ ನೀನು ಸಣ್ಣವನು ಅಂತ ತೋರಿಸಬೇಕು. ಸಣ್ಣ ಅಂದ್ರೆ ಎಷ್ಟು? 2020ರ ಜುಲೈಯಿಂದ ಟರ್ನೋವರ್ 50 ಕೋಟಿ ಒಳಗೆ, ಯಂತ್ರದ ಹೂಡಿಕೆ 10 ಕೋಟಿ ಒಳಗೆ. 2025ರ ಏಪ್ರಿಲ್‌ನಿಂದ ಇದನ್ನ 100 ಕೋಟಿ ಮತ್ತು 25 ಕೋಟಿಗೆ ಏರಿಸಿದ್ದಾರೆ.

ಯಾರ ಟರ್ನೋವರ್? ನಿಯಮ ಹೇಳೋದು ಪ್ಯಾನ್ ನಂಬರ್ ಅಂತ. ಒಂದು ಪ್ಯಾನ್ ಮೇಲೆ ಇರೋ ಎಲ್ಲ ಜಿಎಸ್‌ಟಿ ನಂಬರುಗಳನ್ನ, ಎಲ್ಲ ಘಟಕಗಳನ್ನ ಸೇರಿಸಿ ಒಂದು ಉದ್ಯಮ ಅಂತ ಲೆಕ್ಕ ಹಾಕ್ತಾರೆ. ಓದೋಕೆ ಎಷ್ಟು ನ್ಯಾಯ ಅನ್ಸುತ್ತೆ ನೋಡಿ. ಆದ್ರೆ ಕಂಪನಿಗೆ ಕಂಪನಿಯದ್ದೇ ಪ್ಯಾನ್. ಎ, ಬಿ, ಸಿ ಮೂರಕ್ಕೂ ಮೂರು ಪ್ಯಾನ್. ಹಂಗಾಗಿ 205 ಕೋಟಿಯ ಮನೆ, 40 ಕೋಟಿಯ ಸಿ ಕಂಪನಿ ಹೆಸರಲ್ಲಿ ಬಂದು ನಾಲ್ಕು ಲಾರಿಯವನ ಪಕ್ಕ ಕ್ಯೂನಲ್ಲಿ ನಿಲ್ಲುತ್ತೆ. ಮಿತಿ ಏರಿಸಿದ ಮೇಲೆ 60 ಕೋಟಿಯ ಬಿ ಕಂಪನಿನೂ, ಹೂಡಿಕೆ ಮಿತಿ ಒಳಗಿದ್ರೆ, ಸಣ್ಣದಾಗಿಬಿಡ್ತು.

ಇನ್ನೊಂದು ಬದಿ ನೋಡಿ. ನಮ್ಮ ಬಾವ ಬಂಗಾರಪೇಟೆಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದಾರೆ, ವರ್ಷಕ್ಕೆ 14 ಲಕ್ಷ ಕೆಲಸ. ಅಕ್ಕ ಅಡುಗೆ ಚೆನ್ನಾಗಿ ಮಾಡ್ತಾಳೆ ಅಂತ ಮದುವೆ ಊಟದ ಆರ್ಡರ್ ಹಿಡೀತಾರೆ, ಅದೂ ಬಾವನ ಹೆಸರಲ್ಲೇ, 9 ಲಕ್ಷ. ಎರಡೂ ಬೇರೆ ಬೇರೆ ಕಸುಬು, ಬೇರೆ ಬೇರೆ ಬೋರ್ಡು. ಆದ್ರೆ ಬಾವ ಒಬ್ಬ ಮನುಷ್ಯ, ಅವರಿಗೆ ಇರೋದು ಒಂದೇ ಪ್ಯಾನ್. ಜಿಎಸ್‌ಟಿ ಕಾನೂನು ಎರಡನ್ನೂ ಕೂಡಿಸಿ 23 ಲಕ್ಷ ಅಂತು. ಸೇವೆಗೆ ಮಿತಿ 20 ಲಕ್ಷ. ರಿಜಿಸ್ಟ್ರೇಷನ್ ಮಾಡಿಸು, ತಿಂಗಳು ತಿಂಗಳು ರಿಟರ್ನ್ ಹಾಕು, ಅಕೌಂಟೆಂಟಿಗೆ ಫೀಸ್ ಕೊಡು. ಉದ್ಯಮ್ ಸರ್ಟಿಫಿಕೇಟ್ ಕೂಡ ಒಬ್ಬರಿಗೆ ಒಂದೇ.

ಅಂದ್ರೆ ಕೂಡು ಲೆಕ್ಕ ನಮ್ಮ ದೇಶದಲ್ಲಿ ಇಲ್ಲ ಅಂತಲ್ಲ. ಇದೆ. ಬಡವನಿಗೆ ಇದೆ! ವೆಲ್ಡಿಂಗ್‌ ಮತ್ತು ಸಾಂಬಾರಿನ ಲೆಕ್ಕ ಕೂಡಿಸೋಕೆ ಕಾನೂನಿಗೆ ಒಂದು ನಿಮಿಷ ಸಾಕು. ಕಂಪನಿ ಕಟ್ಟೋಕೆ ದುಡ್ಡಿರೋನ ಕ್ರಷರ್‌ ಮತ್ತು ಲಾರಿ ಲೆಕ್ಕ ಕೂಡಿಸೋಕೆ ಕಾನೂನಿಗೆ ಕಣ್ಣೇ ಕಾಣಲ್ಲ.

ಮೊದಲು ಹಿಂಗಿರ್ಲಿಲ್ಲ ಅನ್ನೋದು ತಿಳ್ಕೊಳ್ಳಿ. ಹಳೇ ಸಣ್ಣ ಕೈಗಾರಿಕೆ ನಿಯಮದಲ್ಲಿ ಒಂದು ಷರತ್ತಿತ್ತು, ಬೇರೊಂದು ಕೈಗಾರಿಕೆಯ ಒಡೆತನದಲ್ಲಿ, ಹಿಡಿತದಲ್ಲಿ ಅಥವಾ ಅಧೀನದಲ್ಲಿ ಇರೋ ಘಟಕ ಸಣ್ಣ ಕೈಗಾರಿಕೆ ಅಲ್ಲ ಅಂತ. 2006ರ ಎಂಎಸ್‌ಎಂಇ ಕಾಯ್ದೆಯ ವ್ಯಾಖ್ಯೆಯಲ್ಲಿ ಆ ಮಾತಿಲ್ಲ. ಯೂರೋಪಿನಲ್ಲಿ 2003ರಿಂದ ಇರೋ ವ್ಯಾಖ್ಯೆ ನೋಡಿ: ಅರ್ಧಕ್ಕಿಂತ ಹೆಚ್ಚು ಹಿಡಿತ ಇರೋ ಕಂಪನಿಯ ಅಂಕಿಯನ್ನ ಪೂರ್ತಿ ಸೇರಿಸಬೇಕು, ಕಾಲು ಭಾಗದಿಂದ ಅರ್ಧದವರೆಗೆ ಪಾಲಿದ್ರೆ ಆ ಪಾಲಿನಷ್ಟು ಸೇರಿಸಬೇಕು, ಆಮೇಲೆ ಸಣ್ಣದಾ ಅಂತ ಕೇಳಬೇಕು. ಒಬ್ಬ ಮನುಷ್ಯನ ಮೂಲಕ ಕೂಡಿದ ಕಂಪನಿಗಳೂ ಒಂದೇ ಸಾಲಿನ ವ್ಯಾಪಾರದಲ್ಲಿದ್ರೆ ಅಲ್ಲಿ ಸೇರುತ್ತವೆ.

ನಮ್ಮ ಕೆಲವು ಗೆಳೆಯರು ಇಲ್ಲಿಗೆ ಬಂದ ಕೂಡ್ಲೇ "ಹಂಗಾದ್ರೆ ಎಲ್ಲ ಟೆಂಡರಲ್ಲೂ ಕನ್ಸಾಲಿಡೇಟೆಡ್ ಬ್ಯಾಲೆನ್ಸ್ ಶೀಟ್ ಕೇಳಿ ಅಂತ ಬೇಡಿಕೆ ಇಡೋಣ" ಅಂತಾರೆ. ತಾಳ್ರಪ್ಪ. ಅದರಿಂದ ಅರ್ಧ ಕೆಲಸನೂ ಆಗಲ್ಲ.

ಕೂಡು ಲೆಕ್ಕ ಹುಟ್ಟೋದು ಒಂದು ಕಂಪನಿ ಇನ್ನೊಂದು ಕಂಪನಿಯನ್ನ ಹಿಡಿದಾಗ ಮಾತ್ರ. ನಮ್ಮ ಜಿಲ್ಲೆಯ ಕುಳಗಳು ಹಂಗೆ ಕಟ್ಟೋದೇ ಇಲ್ಲ. ಎ ಅಪ್ಪನ ಹೆಸರಲ್ಲಿ, ಬಿ ಮಗನ ಹೆಸರಲ್ಲಿ, ಸಿ ಸೊಸೆ ಹೆಸರಲ್ಲಿ. ಎ ಕಂಪನಿ ಹತ್ರ ಸಿ ಕಂಪನಿಯ ಒಂದು ಷೇರೂ ಇಲ್ಲ. ಆಗ ಕಾನೂನಿನ ಕಣ್ಣಲ್ಲಿ ಗ್ರೂಪೇ ಇಲ್ಲ, ಕೂಡು ಲೆಕ್ಕನೂ ಇಲ್ಲ. ಥೇಟ್ ಟೇಲರ್ ಕಾಲದ ಗಣಿಗಳ ಹಂಗೇ. ಇನ್ನೊಂದು ದಾರಿ, ಎ ಕಂಪನಿ ಸಿ ನಲ್ಲಿ 40 ಪರ್ಸೆಂಟ್ ಮಾತ್ರ ಇಟ್ಕೊಂಡು ಉಳಿದದ್ದನ್ನ ಬೇರೆಯವರ ಹೆಸರಿಗೆ ಬರೆಯೋದು. ಆಗ ಸಿ ಅಧೀನ ಕಂಪನಿ ಅಲ್ಲ, ಸಹ ಕಂಪನಿ. ಸಹ ಕಂಪನಿಯ ಟರ್ನೋವರ್ ಕೂಡು ಲೆಕ್ಕದಲ್ಲಿ ಸೇರೋದೇ ಇಲ್ಲ, ಲಾಭದ ಪಾಲು ಮಾತ್ರ ಒಂದು ಸಾಲಾಗಿ ಬರುತ್ತೆ. 40 ಕೋಟಿಯ ವ್ಯಾಪಾರ ಒಂದು ಸಾಲಿನ ಸಣ್ಣ ಅಂಕಿಯಾಗಿ ಕೂತಿರುತ್ತೆ, ಓದೋವ್ನು ದಾಟಿ ಹೋಗಿಬಿಡ್ತಾನೆ.

ಹಂಗಾಗಿ ಹುಡುಕೋದು ಬೇರೆ ಕಡೆ. ಕಂಪನಿ ವ್ಯವಹಾರ ಸಚಿವಾಲಯದ ಸೈಟಿನಲ್ಲಿ 100 ರೂಪಾಯಿ ಕಟ್ಟಿದ್ರೆ ಒಂದು ಕಂಪನಿಯ ದಾಖಲೆ ನೋಡೋಕೆ ಬಿಡ್ತಾರೆ. AOC-1 ಅನ್ನೋ ಪಟ್ಟಿ ಇದ್ದರೆ ಅದರಲ್ಲಿ ಅಧೀನ ಮತ್ತು ಸಹ ಕಂಪನಿಗಳು ಇರುತ್ತವೆ, ಅಧೀನದ್ದಾದ್ರೆ ಟರ್ನೋವರ್ ಕೂಡ. MGT-7 ಅನ್ನೋ ವಾರ್ಷಿಕ ರಿಟರ್ನಿನಲ್ಲಿ ಷೇರು ಮತ್ತು ಡೈರೆಕ್ಟರುಗಳ ವಿವರ. ಒಬ್ಬನೇ ಡೈರೆಕ್ಟರ್ ಎಷ್ಟು ಕಂಪನಿಯಲ್ಲಿದ್ದಾನೆ, ಮೂರು ಕಂಪನಿಗೂ ರಿಜಿಸ್ಟರ್ಡ್ ಆಫೀಸ್ ಒಂದೇ ಕಟ್ಟಡನಾ ನೋಡಿ. ಎಲ್ಲಕ್ಕಿಂತ ಮುಖ್ಯ, ಬ್ಯಾಲೆನ್ಸ್ ಶೀಟಿನ ಕೊನೆಯಲ್ಲಿ ಸಂಬಂಧಿತರ ಜೊತೆಗಿನ ವ್ಯವಹಾರ ಅಂತ ಒಂದು ಟಿಪ್ಪಣಿ ಇರುತ್ತೆ. ಅಪ್ಪನ ಕಂಪನಿ ಸೊಸೆಯ ಕಂಪನಿಗೆ 20 ಕೋಟಿ ಬಾಡಿಗೆ ಕೊಟ್ಟಿದ್ರೆ ಅದು ಅಲ್ಲಿ ಬರೀಲೇಬೇಕು. ಸಿ ಕಂಪನಿಯ 40 ಕೋಟಿಯಲ್ಲಿ 30 ಕೋಟಿ ಮನೆಯೊಳಗಿಂದಲೇ ಬಂದಿದೆ ಅಂತ ನನಗೆ ಗೊತ್ತಾಗಿದ್ದು ಆ ಟಿಪ್ಪಣಿಯಿಂದ. ಮೈಕ್ ಹಿಡಿಯೋ ಮುಂಚೆ ಓದಬೇಕಿತ್ತು, ಆಮೇಲೆ ಓದಿದೆ.

ಇನ್ನೊಂದು ಮಾತು ನಮ್ಮವರ ಮೇಲೆನೇ. ಕಣ್ಣು ಮುಚ್ಚಿ ಎಲ್ಲ ಕೂಡಿಸಿ ಅಂದ್ರೆ ಅದು ನಮಗೂ ಹೊಡೀಬಹುದು. ಎಸ್ಸಿ ಮಾಲೀಕತ್ವ ಅಂದ್ರೆ ಕಂಪನಿಯಲ್ಲಿ 51 ಪರ್ಸೆಂಟ್ ಷೇರು ನಮ್ಮವರದ್ದಾಗಿರಬೇಕು. ಬಂಡವಾಳಕ್ಕೆ ಉಳಿದ 49ನ್ನ ಒಂದು ದೊಡ್ಡ ಕಂಪನಿಗೆ ಕೊಟ್ಟಿರೋ ನಿಜವಾದ ದಲಿತ ಉದ್ಯಮಿ ಇರ್ತಾನೆ. ಯೂರೋಪಿನ ನಿಯಮ ಹಾಗೇ ತಂದ್ರೆ ಆ ದೊಡ್ಡ ಕಂಪನಿಯ ಅಂಕಿಯ 49 ಪರ್ಸೆಂಟ್ ಅವನ ತಲೆ ಮೇಲೆ ಬಿದ್ದು ಅವನು ಸಣ್ಣವನಲ್ಲ ಅಂತಾಗುತ್ತೆ. ಅವನಿಗೆ ಅನ್ಯಾಯ ಅಂತ ಕೆಲವರು. ನನ್ನ ಕೇಳಿದ್ರೆ, ಚೆಕ್ಕಿಗೆ ಸಹಿ ಯಾರದ್ದು, ಲಾರಿ ಯಾರ ಶೆಡ್ಡಲ್ಲಿ ನಿಲ್ಲುತ್ತೆ ಅಂತ ನೋಡಬೇಕು. ನಮ್ಮ ಹುಡುಗನ ಹೆಸರಲ್ಲಿ 51 ಬರೆದು ಅವನನ್ನ ತಿಂಗಳ ಸಂಬಳಕ್ಕೆ ಇಟ್ಕೊಂಡಿರೋ ಬೇನಾಮಿಗಳನ್ನ ನಾವೆಲ್ಲ ನೋಡಿದ್ದೀವಿ. ಅವರಿಗೆ ಈ ನಿಯಮ ಬಿಗಿಯಾದಷ್ಟೂ ಒಳ್ಳೇದು.

ಒಂಟಿ ಲೆಕ್ಕನೂ ಬೇಕಾಗಿಲ್ಲ ಅಂತ ನಾನು ಹೇಳ್ತಿಲ್ಲ. ಸಾಲ ಕೊಟ್ಟವನು, ಸಂಬಳ ಬಾಕಿ ಇರೋವ್ನು ವಸೂಲಿಗೆ ಹೋಗೋದು ಯಾವ ಕಂಪನಿ ಮೇಲೋ ಅದರ ಒಂಟಿ ಲೆಕ್ಕನೇ ನೋಡಬೇಕು. ಗ್ರೂಪ್ 205 ಕೋಟಿ ಅಂತ ನಂಬಿ ಸಿ ಕಂಪನಿಗೆ ಡ್ರೈವರ್ ಆಗಿ ಸೇರಿದ್ರೆ, ಸಿ ಮುಳುಗಿದ ದಿನ ಎ ಕೈ ತೊಳ್ಕೊಳ್ಳುತ್ತೆ. ನಮ್ಮೂರಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದು, 1972ರಲ್ಲಿ ಬಿಜಿಎಂಎಲ್ ಆಯ್ತು. ಅದೇ ಊರಲ್ಲಿ 1964ರಿಂದ ಬೆಮೆಲ್. ಎರಡಕ್ಕೂ ಮಾಲೀಕ ಭಾರತ ಸರ್ಕಾರ. ಬಿಜಿಎಂಎಲ್ ನಷ್ಟದಲ್ಲಿದೆ ಅಂತ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದಾಗ ನೋಡಿದ್ದು ಬಿಜಿಎಂಎಲ್‌ನ ಪುಸ್ತಕ ಮಾತ್ರ. ಮಾಲೀಕ ಎಷ್ಟು ದೊಡ್ಡವನು ಅಂತ ಯಾರೂ ಕೇಳಲಿಲ್ಲ. ಹಂಗಂತ ಬೆಮೆಲ್ ಕಾರ್ಮಿಕರ ದುಡಿಮೆ ತೆಗೆದು ಇಲ್ಲಿ ಸುರೀಬೇಕಿತ್ತು ಅಂತಲ್ಲ, ಅವರ ಗೋಡೆ ಅವರನ್ನ ಕಾಪಾಡಿದೆ. ಸಂಬಳ ಕೊಡೋ ಹೊತ್ತಲ್ಲಿ ಗೋಡೆ ಇರಲಿ ಅನ್ನೋವ್ರು ಸಣ್ಣವನ ರಿಯಾಯಿತಿ ಕೇಳೋ ಹೊತ್ತಲ್ಲೂ ಅದೇ ಗೋಡೆ ತೋರಿಸ್ತಾರಲ್ಲ, ಅದು ನನಗೆ ನುಂಗೋಕಾಗದ್ದು.

ಯಾಕಂದ್ರೆ ಅವರಿಗೇ ಬೇಕಾದಾಗ ಗೋಡೆ ಮಾಯ ಆಗುತ್ತೆ. ಅದೇ ಸಿ ಕಂಪನಿಯ ಲಾರಿ ಮೇಲೆ ಗ್ರೂಪಿನ ಹೆಸರು, ಗ್ರೂಪಿನ ಚಿಹ್ನೆ. ಕ್ಯಾಲೆಂಡರಿನಲ್ಲಿ "ನಮ್ಮ ಸಮೂಹ". ಬ್ಯಾಂಕಿನಲ್ಲಿ ಸಾಲಕ್ಕೆ ಎ ಕಂಪನಿಯ ಗ್ಯಾರಂಟಿ. ದೊಡ್ಡ ಟೆಂಡರಿನಲ್ಲಿ ಮೂರು ವರ್ಷದ ಸರಾಸರಿ ಟರ್ನೋವರ್ ಕೇಳಿದ್ರೆ, ಅಲ್ಲಿ ಅವಕಾಶ ಇದ್ದ ಕಡೆ ತಾಯಿ ಕಂಪನಿಯ ಅಂಕಿ. ಠೇವಣಿ ವಿನಾಯಿತಿ ಕೇಳಿದ್ರೆ ಮಾತ್ರ, ಅಯ್ಯೋ ನಾವು ಒಂಟಿ ಸಾರ್.

ಕಾನೂನಿಗೆ ಗೋಡೆ ದಾಟಿ ನೋಡೋಕೆ ಬರಲ್ಲ ಅನ್ನೋದೂ ಸುಳ್ಳು. 1959ರಲ್ಲಿ ಎಸಿಸಿ ಸಿಮೆಂಟ್ ಕೇಸಲ್ಲಿ ಸುಪ್ರೀಂ ಕೋರ್ಟು, ಚಾಯಿಬಾಸಾದ ಸಿಮೆಂಟ್ ಕಾರ್ಖಾನೆ ಮತ್ತು ಅದರ ಸುಣ್ಣದ ಕಲ್ಲಿನ ಗಣಿ ಒಂದೇ ಸಂಸ್ಥೆ ಅಂತು. ಒಡೆತನ, ನಿರ್ವಹಣೆ, ದುಡ್ಡು, ಕೆಲಸ ಒಂದಕ್ಕೊಂದು ಹೊಂದಿದೆಯಾ, ಒಂದಿಲ್ಲದೆ ಇನ್ನೊಂದು ನಡೆಯುತ್ತಾ ಅಂತ ಪರೀಕ್ಷೆ ಮಾಡಿದ್ರು. ಅಲ್ಲಿ ಮಾಲೀಕ ಒಂದೇ ಕಂಪನಿ ಅನ್ನೋದು ನಿಜ, ಆದ್ರೆ ಆ ಪ್ರಶ್ನೆಗಳು ಇಲ್ಲೂ ಕೇಳೋಕೆ ಲಾಯಕ್ಕು.

ನಮ್ಮ ಲಾರಿ ಮಾಲೀಕನ ವಿಷಯಕ್ಕೆ ನಾವು ಈ ವಾರ ಮಾಡ್ತಿರೋದು ಇಷ್ಟು. ಆ ಟೆಂಡರಿನಲ್ಲಿ ಸಣ್ಣ ಉದ್ಯಮದ ರಿಯಾಯಿತಿ ಪಡೆದವರ ಉದ್ಯಮ್ ನಂಬರು ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೀವಿ. ಮುಂದಿನ ಟೆಂಡರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಪಾಲು ಇರೋ ಎಲ್ಲ ಕಂಪನಿಗಳನ್ನ, ಮನೆಯವರ ಕಂಪನಿಗಳನ್ನೂ ಸೇರಿಸಿ, ಘೋಷಿಸಬೇಕು ಅನ್ನೋ ಒಂದು ಷರತ್ತು ಹಾಕಿ ಅಂತ ಮನವಿ ಬರೀತಿದ್ದೀವಿ. ಅದರಲ್ಲಿ 280 ಅಂತ ಎಲ್ಲೂ ಬರೆದಿಲ್ಲ, 205 ಅಂತ ಬರೆದು ಕಳೆದ ಲೆಕ್ಕ ಕೆಳಗೆ ಲಗತ್ತಿಸಿದ್ದೀವಿ. ಆ ಬಿ.ಕಾಂ ಹುಡುಗನೇ ಕೂತು ಲೆಕ್ಕ ಮಾಡಿದ್ದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂಗಾರಪೇಟೆ ಸ್ಟೇಷನ್ ಎದುರು ಟೀ ಅಂಗಡಿ ಹತ್ರ ಸೇರ್ತೀವಿ, ನಿಮ್ಮ ಕಡೆಯ ಟೆಂಡರ್ ಕಾಗದ ಇದ್ರೆ ತಗೊಂಡು ಬನ್ನಿ.